ಹೊಸ ಸಿಮ್ಮಿನಲ್ಲಿ ಹಳೇ ಮಂಜಣ್ಣ

ಹೋದ ವರ್ಷ ಅಮ್ಮನಿಗೆ ಹೊಸ ಸಿಮ್ ಕೊಡಿಸಿದೆ. ಹಾಕಿದ ಅರ್ಧ ಗಂಟೆಗೇ ಮೊದಲ ಕರೆ: "ಮಂಜಣ್ಣಾ, ಪೈಪ್ ಲೋಡ್ ಬಂದೈತೆ, ಎಲ್ಲಿ ಇಳಿಸ್ಲಿ?" ಸಂಜೆ ಸಾಲದ ಕಂತು ಕೇಳುವವರು. ಮರುದಿನ ಬ್ಯಾಂಕಿನ ಮೆಸೇಜು, ಬ್ಯಾಲೆನ್ಸ್ ಸಮೇತ. "ಪಾಪ, ಬರೀ ನಾನೂರು ರೂಪಾಯಿ ಇದೆ ಕಣೋ" ಎಂದು ಅಮ್ಮ ಮರುಗಿದಳು.

ನಂಬರ್ ಸಿಮ್ಮಿನೊಳಗೇ ಕೂತಿದೆ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ನಿಜವಾಗಿ ನೆಟ್‌ವರ್ಕ್ ಸಿಮ್ಮನ್ನು ಗುರುತು ಹಿಡಿಯುವುದು ಐಎಂಎಸ್‌ಐ ಎಂಬ ಬೇರೆಯೇ ಸಂಖ್ಯೆಯಿಂದ. ನಾವು ಒತ್ತುವ ಹತ್ತು ಅಂಕಿ ಯಾವ ಐಎಂಎಸ್‌ಐಗೆ ಸೇರಿದ್ದು ಎಂಬುದನ್ನು ಕಂಪನಿ ತನ್ನ ಡೇಟಾಬೇಸಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಅಲ್ಲಿ ಮಂಜಣ್ಣನ ಸಿಮ್ ಅಳಿಸಿ ಅಮ್ಮನದನ್ನು ಬರೆದರು, ಅಷ್ಟೇ.

ಅದಕ್ಕೂ ಒಂದು ಕಾಯುವ ಕಾಲವಿದೆ. ಪ್ರೀಪೇಯ್ಡ್ ನಂಬರಿನಲ್ಲಿ 90 ದಿನ ಕರೆ, ಮೆಸೇಜು, ಡೇಟಾ ಏನೂ ನಡೆಯದಿದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು. ನಿಂತ ಮೇಲೂ ಕನಿಷ್ಠ 90 ದಿನ ಅದನ್ನು ಬೇರೆಯವರಿಗೆ ಕೊಡುವಂತಿಲ್ಲ. ಮಂಜಣ್ಣ ಜನವರಿ ಒಂದರಿಂದ ಫೋನ್ ಮುಟ್ಟದೆ ಬಿಟ್ಟಿದ್ದರೆ, ಜುಲೈ ಹೊತ್ತಿಗೆ ಅವನ ನಂಬರ್ ಅಂಗಡಿಗೆ ಬಂದಿರಬಹುದು.

ತೊಂದರೆ ಶುರುವಾಗುವುದು ಇಲ್ಲಿ. ನಂಬರ್ ಕೈ ಬದಲಾಯಿಸಿದ್ದು ಸಿಮ್ ಕಂಪನಿಗೆ ಗೊತ್ತು. ಮಂಜಣ್ಣ ಅದೇ ನಂಬರ್ ಕೊಟ್ಟು ಖಾತೆ ತೆರೆದ ಬೇರೆ ಹತ್ತಾರು ಕಡೆ ಗೊತ್ತಿಲ್ಲ. ಅಂಥ ಎಷ್ಟೋ ಆ್ಯಪ್‌ಗಳಲ್ಲಿ "ಪಾಸ್‌ವರ್ಡ್ ಮರೆತಿದ್ದೀರಾ?" ಒತ್ತಿದರೆ ಓಟಿಪಿ ನೇರ ಅಮ್ಮನ ಫೋನಿಗೇ. 2021ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದಲ್ಲಿ ಮರುಹಂಚಿಕೆಗೆ ಸಿಕ್ಕುವ 259 ನಂಬರ್‌ಗಳನ್ನು ನೋಡಿದಾಗ 171ಕ್ಕೆ ಹಳಬರ ಖಾತೆಗಳು ಇನ್ನೂ ಅಂಟಿಕೊಂಡಿದ್ದವು.

ಹಣ ಮಾತ್ರ ಅಷ್ಟು ಸುಲಭಕ್ಕೆ ಕೈಗೆ ಬರುವುದಿಲ್ಲ. ಯುಪಿಐ ಪಿನ್ ಹೊಸದಾಗಿ ಇಡಲು ಓಟಿಪಿಯ ಜೊತೆ ಡೆಬಿಟ್ ಕಾರ್ಡಿನ ವಿವರವನ್ನೋ ಆಧಾರ್ ಸಂಖ್ಯೆಯನ್ನೋ ಕೊಡಬೇಕು. ವಾಟ್ಸ್‌ಆ್ಯಪ್ ಕೂಡ, 45 ದಿನ ಸುಮ್ಮನಿದ್ದ ಖಾತೆ ಬೇರೆ ಫೋನಿನಲ್ಲಿ ಎದ್ದರೆ, ಹಳಬರ ಫೋಟೋ ಮತ್ತು ಪರಿಚಯದ ಸಾಲನ್ನು ಅಳಿಸಿಬಿಡುತ್ತದೆ. ಹಳೇ ಗ್ರೂಪಿನವರ ಫೋನಿನಲ್ಲಿ ಮಾತ್ರ ಅಮ್ಮ "ಮಂಜಣ್ಣ ಪೈಪ್" ಆಗಿಯೇ ಇದ್ದಾಳೆ.

ರದ್ದಾದ ನಂಬರ್‌ಗಳ ಪಟ್ಟಿ ಕೇಂದ್ರ ದೂರಸಂಪರ್ಕ ಇಲಾಖೆಯ ಜಾಲದಲ್ಲಿ ಸಿಗುತ್ತದೆ. ಬ್ಯಾಂಕುಗಳು ಅದನ್ನು ನೋಡಿ ತಮ್ಮ ದಾಖಲೆ ಸರಿಮಾಡಿಕೊಳ್ಳಬೇಕು. ಯುಪಿಐ ವಿಷಯದಲ್ಲಿ 2025ರ ಏಪ್ರಿಲ್‌ನಿಂದ ವಾರಕ್ಕೊಮ್ಮೆಯಾದರೂ. ಅಂಗಡಿ, ಆಟ, ಟಿಕೆಟ್ಟಿನ ಆ್ಯಪ್‌ಗಳಿಗೆ ಆ ಒತ್ತಾಯ ಕಾಣೆ. ಹಳೇ ಸಿಮ್ ಬಿಡುವವರೇ ಮೊದಲು ಎಲ್ಲ ಕಡೆ ನಂಬರ್ ಬದಲಿಸಬೇಕು. ಆಮೇಲೆ ಬದಲಿಸಲು ಹೋದರೆ ಎಷ್ಟೋ ಕಡೆ ಓಟಿಪಿ ಹಳೇ ನಂಬರಿಗೇ ಹೋಗುತ್ತದೆ.

ಮಂಜಣ್ಣನ ಬ್ಯಾಂಕಿಗೆ ಹೋಗಿ ವಿಷಯ ಹೇಳಿದೆ. "ಖಾತೆದಾರರೇ ಬಂದು ಅರ್ಜಿ ಕೊಡಬೇಕು ಸಾರ್" ಅಂದರು. ಕೊನೆಗೆ ಅವನನ್ನು ಹುಡುಕಿ ಸುದ್ದಿ ಮುಟ್ಟಿಸಿದ್ದು ಆ ಪೈಪ್ ಲೋಡಿನವನು.