ಇಸಬ್‌ಗೋಲ್‌ಗೆ ನೀರು ಎಷ್ಟು, ಹೊತ್ತು ಯಾವುದು?

ಒಂದು ಚಮಚ ಇಸಬ್‌ಗೋಲ್ ಹೊಟ್ಟನ್ನು ಕಾಲು ಲೋಟ ನೀರಿಗೆ ಹಾಕಿ, ಹತ್ತು ನಿಮಿಷ ಸುಮ್ನೆ ಬಿಟ್ಟು ನೋಡಿ. ಆಮೇಲೆ ಲೋಟ ಓರೆ ಮಾಡಿದರೂ ಸುಲಭಕ್ಕೆ ಸುರಿಯುವುದಿಲ್ಲ. ಇಷ್ಟೊಂದು ಗಟ್ಟಿ ಲೋಳೆ ಗಂಟಲಿನ ಕೆಳಗೆ, ಅನ್ನನಾಳದಲ್ಲಿ ಆದರೆ?

ಇದು ಬರೀ ಹೆದರಿಸುವ ಮಾತಲ್ಲ. ಒಣ ಹೊಟ್ಟನ್ನು ಬಾಯಿಗೆ ಹಾಕಿಕೊಂಡು ಎರಡು ಗುಟುಕು ನೀರು ಕುಡಿದವರಿಗೆ ಅದು ದಾರಿಯಲ್ಲೇ ಉಬ್ಬಿ ಸಿಕ್ಕಿಕೊಂಡದ್ದಿದೆ. ಎದೆಯಲ್ಲಿ ಒತ್ತಿದ ಹಾಗೆ ನೋವು, ಉಗುಳು ನುಂಗಲೂ ಆಗದಿರುವುದು, ವಾಂತಿ, ಉಸಿರಾಟಕ್ಕೆ ಕಷ್ಟ ಅದರ ಗುರುತು. ಹಾಗಾದರೆ ಮತ್ತೆ ನೀರು ಕುಡಿದು ತಳ್ಳಲು ನೋಡದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮೊದಲೇ ನುಂಗಲು ತೊಂದರೆ ಇರುವವರು, ಕರುಳು ಕಿರಿದಾಗಿರುವವರು ಇದರ ಸಹವಾಸಕ್ಕೇ ಹೋಗಬಾರದು.

ಹಾಗಾಗಿ ಒಂದು ಸಲದ ಪ್ರಮಾಣಕ್ಕೆ ಕನಿಷ್ಠ 240 ಮಿಲಿಲೀಟರ್, ಅಂದರೆ ಒಂದು ದೊಡ್ಡ ಲೋಟ ತುಂಬಾ ನೀರು ಬೇಕು. ಕಲಕಿದ ಕೂಡಲೇ ಕುಡಿಯಿರಿ. ಫೋನ್ ಬಂತೆಂದು ಎದ್ದು ಹೋದಿರಾ? ವಾಪಸ್ ಬರುವಷ್ಟರಲ್ಲಿ ಗಟ್ಟಿಯಾಗಿದ್ದರೆ ಇನ್ನಷ್ಟು ನೀರು ಬೆರೆಸಿ. ಮಲಗುವ ಮುಂಚೆ ಕುಡಿಯುವ ಅಭ್ಯಾಸ ಅನೇಕರಿಗಿದೆ, ನನಗದು ಸರಿ ಕಾಣುವುದಿಲ್ಲ. ನೆಟ್ಟಗೆ ಕೂತಿದ್ದಾಗ ಅದು ಕೆಳಗಿಳಿಯುವುದು ಸಲೀಸು. ಬೆಳಿಗ್ಗೆಗೇ ಫಲ ಸಿಗಬೇಕೆಂಬ ಲೆಕ್ಕವೂ ನಡೆಯುವುದಿಲ್ಲ, ಮಲ ಸಡಿಲವಾಗಲು 12ರಿಂದ 72 ಗಂಟೆ ಹಿಡಿಯಬಹುದು.

ಊಟದ ಮೊದಲೋ ಆಮೇಲೋ? ಮಲಬದ್ಧತೆಗಾದರೆ ಅಂಥ ವ್ಯತ್ಯಾಸವಿಲ್ಲ. ಸಕ್ಕರೆ ಅಥವಾ ಕೊಲೆಸ್ಟ್ರಾಲ್‌ಗೆಂದು ತೆಗೆದುಕೊಳ್ಳುವವರಿಗೆ ಮಾತ್ರ ಊಟದ ಜೊತೆಗೇ ಒಳ್ಳೆಯದು. ಲೋಳೆ ಊಟದೊಂದಿಗೆ ಬೆರೆತಾಗ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಊಟ ಕರಗಿಸಲು ಬರುವ ಪಿತ್ತರಸವೂ ಅದರಲ್ಲಿ ಸಿಕ್ಕಿ ಹೊರಗೆ ಹೋಗುತ್ತದೆ. ಆ ಕೊರತೆ ತುಂಬಲು ಯಕೃತ್ತು ರಕ್ತದ ಕೊಲೆಸ್ಟ್ರಾಲ್ ಬಳಸಿಕೊಳ್ಳುತ್ತದೆ.

ಆದರೆ ಲೋಳೆಗೆ ಸಕ್ಕರೆ ಯಾವುದು, ಮಾತ್ರೆ ಯಾವುದು ಗೊತ್ತಾಗುವುದಿಲ್ಲ ಅಲ್ವಾ? ಔಷಧಿಯನ್ನೂ ಹಾಗೇ ತಡೆದು ಇಟ್ಟುಕೊಳ್ಳಬಹುದು. ಅದಕ್ಕೇ ಬೇರೆ ಮಾತ್ರೆಗಳಿಗೂ ಇದಕ್ಕೂ ಕನಿಷ್ಠ ಎರಡು ಗಂಟೆ ಅಂತರ ಬೇಕು. ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ ಬಿಡುವುದು ಲೇಸು.

ಒಬ್ಬರು ಬೆಳಿಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ, ರಾತ್ರಿ 9ಕ್ಕೆ ಬಿಪಿ ಮಾತ್ರೆ ನುಂಗುತ್ತಾರೆ ಅಂದುಕೊಳ್ಳಿ. 8ರ ತಿಂಡಿಯ ಜೊತೆ ಇಸಬ್‌ಗೋಲ್ ಕುಡಿದರೆ ಥೈರಾಯ್ಡ್ ಮಾತ್ರೆಗೆ ಸಿಗುವುದು ಎರಡೇ ಗಂಟೆ. ಮಧ್ಯಾಹ್ನ 1ರ ಊಟದ ಜೊತೆಗಾದರೆ ಹಿಂದೆ ಏಳು ಗಂಟೆ, ಮುಂದೆ ಎಂಟು ಗಂಟೆ ಬಿಡುವು. ದಿನಕ್ಕೆ ಎರಡು ಸಲ ಬೇಕಿದ್ದರೆ ಇನ್ನೊಂದನ್ನು ಸಂಜೆ 6ಕ್ಕೆ ಇಟ್ಟುಕೊಳ್ಳಬಹುದು. ಸಕ್ಕರೆ ಕಾಯಿಲೆಯ ಔಷಧಿ, ಲಿಥಿಯಂ ಅಥವಾ ಡಿಗಾಕ್ಸಿನ್ ತೆಗೆದುಕೊಳ್ಳುವವರು ಮಾತ್ರ ಹೀಗೆ ತಾವೇ ಲೆಕ್ಕ ಹಾಕದೆ, ಶುರು ಮಾಡುವ ಮೊದಲೇ ವೈದ್ಯರನ್ನು ಕೇಳಬೇಕು.