ಸ್ಟಾಪ್‌ಲಾಸ್ 1,340ಕ್ಕೆ ಇತ್ತು, ಆ ಬೆಲೆಗೆ ಕೊಳ್ಳುವವರೇ ಇರಲಿಲ್ಲ

"ಸ್ಟಾಪ್‌ಲಾಸ್ ಹಾಕಿದ್ದೀನಿ, ಅದಕ್ಕಿಂತ ಜಾಸ್ತಿ ಹೋಗಲ್ಲ ಬಿಡಿ" ಅನ್ನುವವರು ಎಲ್ಲ ಕಡೆ ಸಿಗುತ್ತಾರೆ. ಇದೊಂದು ಮೂಢನಂಬಿಕೆ. ಸ್ಟಾಪ್‌ಲಾಸ್ ಯಾವ ಬೆಲೆಯನ್ನೂ ಖಾತ್ರಿ ಮಾಡುವುದಿಲ್ಲ. ಬೆಲೆ ಇಷ್ಟಕ್ಕೆ ಇಳಿದರೆ ನನ್ನ ಮಾರಾಟದ ಆರ್ಡರನ್ನು ಕಳಿಸು ಅನ್ನುವ ಸೂಚನೆ ಅದು, ಅಷ್ಟೇ.

ನಮ್ಮೂರಿನ ಇನ್ಫೋಸಿಸ್ಸನ್ನೇ ನೋಡಿ. 2023ರ ಏಪ್ರಿಲ್ 13, ಗುರುವಾರ. ಎನ್‌ಎಸ್‌ಇಯಲ್ಲಿ ಷೇರು ಸುಮಾರು 1,389 ರೂಪಾಯಿಗೆ ಮುಗಿಯಿತು. ಮಾರುಕಟ್ಟೆ ಮುಚ್ಚಿದ ಮೇಲೆ ಫಲಿತಾಂಶ ಬಂತು. ಆಗಷ್ಟೇ ಶುರುವಾಗಿದ್ದ ಹಣಕಾಸು ವರ್ಷದಲ್ಲಿ ಆದಾಯ ಬರೀ 4ರಿಂದ 7 ಪರ್ಸೆಂಟ್ ಬೆಳೆಯಬಹುದು ಎಂದು ಕಂಪನಿ ಹೇಳಿತು. ನ್ಯೂಯಾರ್ಕಿನಲ್ಲಿ ಅದರ ಷೇರಿನ ಬದಲಿಗೆ ವಹಿವಾಟಾಗುವ ಎಡಿಆರ್ ಆ ರಾತ್ರಿಯೇ ಕುಸಿಯಿತು. ಇಲ್ಲಿ ಮಾತ್ರ ಶುಕ್ರವಾರ ಅಂಬೇಡ್ಕರ್ ಜಯಂತಿ ರಜೆ, ಆಮೇಲೆ ಶನಿವಾರ, ಭಾನುವಾರ. ಸೋಮವಾರ ಬೆಳಿಗ್ಗೆ ಷೇರು ಸುಮಾರು 10 ಪರ್ಸೆಂಟ್ ಕೆಳಗೆ, 1,250ರ ಆಸುಪಾಸಿನಲ್ಲಿ ತೆರೆಯಿತು.

ಈಗ ಒಬ್ಬರು 1,400ಕ್ಕೆ 100 ಷೇರು ಕೊಂಡು 1,340ಕ್ಕೆ ಸ್ಟಾಪ್ ಇಟ್ಟಿದ್ದರು ಅಂದುಕೊಳ್ಳಿ. ಷೇರಿಗೆ 60ರಂತೆ 6,000 ರೂಪಾಯಿ ನಷ್ಟ, ಅಷ್ಟಕ್ಕೆ ಅವರ ಮನಸ್ಸು ಸಿದ್ಧ. ಆದರೆ 1,389ರಿಂದ 1,250ರವರೆಗಿನ ದಾರಿಯಲ್ಲಿ ಒಂದು ವಹಿವಾಟೂ ನಡೆದಿಲ್ಲ. ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಹೋಗುವ ಬಸ್ಸಲ್ಲಿ ಕೂತು ಮದ್ದೂರಲ್ಲಿ ಇಳಿಸಿ ಅಂದ ಹಾಗೆ: ಬಸ್ಸು ಊರೊಳಗೆ ಬರುವುದೇ ಇಲ್ಲ, ಅದು ನಿಂತ ಕಡೆ ಇಳಿಯಬೇಕು.

ಇದು ಆಗುವ ಬಗೆ ನನಗೆ ತುಂಬಾ ಇಷ್ಟ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. 9ರಿಂದ 9:08ರ ತನಕ ಪ್ರೀ-ಓಪನ್‌ನಲ್ಲಿ ಕೊಳ್ಳುವ, ಮಾರುವ ಆರ್ಡರ್‌ಗಳು ಸುಮ್ನೆ ಸೇರುತ್ತಾ ಹೋಗುತ್ತವೆ. ಯಾವ ಬೆಲೆಗೆ ಅತಿ ಹೆಚ್ಚು ಷೇರು ಕೈ ಬದಲಾಗಬಲ್ಲವೋ ಅದೇ ಆರಂಭದ ಬೆಲೆ. ಸ್ಟಾಪ್‌ಲಾಸ್ ಆರ್ಡರ್‌ಗಳಿಗೆ ಈ ಹರಾಜಿನಲ್ಲಿ ಜಾಗವಿಲ್ಲ. 9:15ಕ್ಕೆ ಮಾಮೂಲಿ ವಹಿವಾಟು ಶುರುವಾದಾಗ ಬೆಲೆ ಆಗಲೇ 1,340ರ ಕೆಳಗಿದೆ. ಹಾಗಾಗಿ 1,380, 1,350, 1,340ರಲ್ಲಿ ಕಾದು ಕೂತ ಸ್ಟಾಪ್‌ಗಳೆಲ್ಲ ಒಂದೇ ಕ್ಷಣದಲ್ಲಿ ಎದ್ದು ಬರುತ್ತವೆ, ಎದುರಿಗೆ ಕೊಳ್ಳುವವರು ತೀರಾ ಕಡಿಮೆ. ಮಾರ್ಕೆಟ್ ಆರ್ಡರ್ ಆಗಿದ್ದರೆ 1,250ರ ಖರೀದಿದಾರ ಮುಗಿದ ಮೇಲೆ 1,246, ಆಮೇಲೆ 1,240 ಅಂತ ಒಬ್ಬೊಬ್ಬರನ್ನೇ ತಿನ್ನುತ್ತಾ ಕೆಳಗಿಳಿಯುತ್ತದೆ. ಆ ದಿನದ ಕನಿಷ್ಠ ಬೆಲೆ ಎನ್‌ಎಸ್‌ಇಯಲ್ಲಿ 1,185ರವರೆಗೂ ಹೋಗಿತ್ತು, ಷೇರು ಮುಗಿದದ್ದು ಮಾತ್ರ 1,258ರ ಹತ್ತಿರ. ನಮ್ಮವರಿಗೆ ಸರಾಸರಿ 1,245 ಸಿಕ್ಕಿದ್ದರೆ ನಷ್ಟ 15,500. ಲೆಕ್ಕ ಹಾಕಿದ್ದರ ಎರಡೂವರೆ ಪಟ್ಟು ಜಾಸ್ತಿಯೇ.

ಲಿಮಿಟ್ ಇಟ್ಟಿದ್ದರೆ? ಟ್ರಿಗರ್ ಬೆಲೆ ಬರುವ ತನಕ ದಿನಗಟ್ಟಲೆ ಕಾಯುವ ಜಿಟಿಟಿ ಆರ್ಡರ್ ಹಾಕುವವರಲ್ಲಿ ಎಷ್ಟೋ ಜನ ಟ್ರಿಗರ್ 1,340, ಲಿಮಿಟ್ 1,335 ಅಂತ ಇಡುತ್ತಾರೆ. ಟ್ರಿಗರ್ ಆಗುತ್ತದೆ, ಮೊಬೈಲಿಗೆ ಮೆಸೇಜೂ ಬರುತ್ತದೆ, ಮಾರಾಟ ಮಾತ್ರ ಆಗುವುದಿಲ್ಲ. 1,335ಕ್ಕಿಂತ ಕಡಿಮೆಗೆ ಕೊಡಬೇಡ ಅಂತ ಹೇಳಿದವರು ಅವರೇ, ಅಲ್ವಾ? ಆ ಆರ್ಡರ್ ಸಂಜೆಗೆ ರದ್ದಾಗುತ್ತದೆ, ಜಿಟಿಟಿ ಆಗಲೇ ಖರ್ಚಾಗಿರುತ್ತದೆ. ಮಂಗಳವಾರ ಅವರ ಬಳಿ 100 ಷೇರು ಇವೆ, ಸ್ಟಾಪೇ ಇಲ್ಲ. ಟ್ರಿಗರ್ ಆದ ಮೆಸೇಜು ನೋಡಿ ಮಾರಾಟ ಆಯಿತು ಅಂತ ಸುಮ್ಮನಾಗದೆ, ಆರ್ಡರ್ ಬುಕ್ಕಿನಲ್ಲಿ ಅದು ಪೂರ್ತಿಯಾಗಿದೆಯಾ ಅಂತ ನೋಡಿದರೆ ಇದು ಅವತ್ತೇ ಗೊತ್ತಾಗುತ್ತದೆ.

ಅಮೆರಿಕದಲ್ಲೂ ಇದೇ ಪಾಡು. 2015ರ ಆಗಸ್ಟ್ 24ರ ಬೆಳಿಗ್ಗೆ ಮಾರುಕಟ್ಟೆ ಹಿಂದಿನ ಮುಕ್ತಾಯಕ್ಕಿಂತ ತೀರಾ ಕೆಳಗೆ ತೆರೆದಾಗ, ಅಂದರೆ ಗ್ಯಾಪ್ ಡೌನ್ ಆದಾಗ, ಎಷ್ಟೋ ಇಟಿಎಫ್‌ಗಳು ತಮ್ಮೊಳಗಿನ ಷೇರುಗಳ ಮೌಲ್ಯಕ್ಕಿಂತ ಎಷ್ಟೋ ಕೆಳಗೆ ಮಾರಾಟವಾದವು. ಮುಂದಿನ ಫೆಬ್ರುವರಿಯಿಂದ ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್ ಹೊಸ ಸ್ಟಾಪ್ ಆರ್ಡರ್‌ಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು.

ಪ್ರೋಗ್ರಾಂ ಬರೆದು ವ್ಯಾಪಾರ ಮಾಡುವವರು ತಮ್ಮ ತಂತ್ರವನ್ನು ಹಳೆಯ ಬೆಲೆಗಳ ಮೇಲೆ ಓಡಿಸಿ ನೋಡುವ ಬ್ಯಾಕ್‌ಟೆಸ್ಟ್‌ನಲ್ಲಿ ಎಡವುವುದೂ ಇಲ್ಲೇ. ದಿನದ ಕನಿಷ್ಠ ಬೆಲೆ ಸ್ಟಾಪ್‌ಗಿಂತ ಕೆಳಗಿದ್ದರೆ ಸ್ಟಾಪ್ ಬೆಲೆಗೇ ಮಾರಿದ್ದೇವೆ ಅಂತ ಬರೆದುಕೊಂಡಿರುತ್ತಾರೆ. ಬರೆಯಬೇಕಾದದ್ದು ಹೀಗೆ:

```
if low <= stop:
    exit_price = min(stop, open_price) - slippage
```

ಈ ಒಂದು `min` ಸೇರಿಸಿದರೆ ಚೆನ್ನಾಗಿ ಕಾಣುತ್ತಿದ್ದ ಎಷ್ಟೋ ತಂತ್ರಗಳ ಬಣ್ಣ ಬಯಲಾಗುತ್ತದೆ. ಸಣ್ಣ ಷೇರುಗಳಲ್ಲಿ ಇದೂ ಸಾಲದು. ಒಂದು ದಿನಕ್ಕೆ ಇಳಿಯಬಹುದಾದ ಮಿತಿ ಮುಟ್ಟಿ ಲೋವರ್ ಸರ್ಕ್ಯೂಟ್ ಬಿದ್ದ ದಿನ ಕೊಳ್ಳುವವರೇ ಇಲ್ಲದೆ ದಿನಗಟ್ಟಲೆ ಸಿಕ್ಕಿಹಾಕಿಕೊಳ್ಳಬಹುದು.

ಬೆಲೆಯನ್ನು ನಿಜವಾಗಿ ಖಾತ್ರಿ ಮಾಡುವುದು, ಗೊತ್ತುಮಾಡಿದ ಬೆಲೆಗೆ ಮಾರುವ ಹಕ್ಕು ಕೊಡುವ ಪುಟ್ ಆಪ್ಷನ್. ಆದರೆ ಫಲಿತಾಂಶದ ಹಿಂದಿನ ದಿನ ಅದರ ಪ್ರೀಮಿಯಂ ದುಬಾರಿ. ಅದು ಬೇಡ ಅಂದರೆ ಷೇರುಗಳ ಸಂಖ್ಯೆಯನ್ನೇ ಇಳಿಸಬೇಕು. ಸ್ಟಾಪ್‌ವರೆಗಿನ 60 ರೂಪಾಯಿಯಿಂದ 6,000ವನ್ನು ಭಾಗಿಸಿದ್ದಕ್ಕೆ 100 ಷೇರು ಬಂದಿತ್ತು. ಫಲಿತಾಂಶದ ರಾತ್ರಿ ಷೇರು ಹಿಡಿದುಕೊಳ್ಳುವ ಯೋಚನೆ ಇದ್ದರೆ 1,389ರಿಂದ 15 ಪರ್ಸೆಂಟ್ ಗ್ಯಾಪ್ ಬಂದು ಬೆಲೆ ಸುಮಾರು 1,180ಕ್ಕೆ ಇಳಿಯಬಹುದು ಅಂತ ಇಟ್ಟುಕೊಳ್ಳಿ. ಆಗ ಕೊಂಡ ಬೆಲೆ 1,400ರಿಂದ ಅಲ್ಲಿಯವರೆಗೆ 220 ರೂಪಾಯಿ. ಅದೇ 6,000ಕ್ಕೆ ಬರುವುದು 27 ಷೇರು.