ಸಕ್ಕರೆಗೆ ಪ್ರೋಟೀನಿನ ಗಂಟು: ಹಿಬ್ ಲಸಿಕೆ ಕೂಸಿಗೆ ಹೇಗೆ ಹತ್ತುತ್ತದೆ?

ಹೋದ ಗುರುವಾರ ಜೇವರ್ಗಿ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ನರ್ಸಿಂಗ್ ಬ್ಯಾಚಿನ ಪೋಸ್ಟಿಂಗ್ ಇತ್ತು. ಆರು ವಾರದ ಕೂಸಿನ ಎಡತೊಡೆಗೆ ಪೆಂಟಾವೇಲೆಂಟ್ ಹಾಕಿ ತಾಯಿ ಕಾರ್ಡ್ ಬರೆಯುತ್ತಿದ್ದೆವು. ಕೂಸಿನ ಅಜ್ಜಿ ಕೇಳಿದರು: “ಐದು ರೋಗಕ್ಕ ಒಂದೇ ಸೂಜಿ ಅಂತೀರಿ, ಮತ್ತ ಮೂರು ಸಲ ಯಾಕ್ ಚುಚ್ತೀರಿ ಸಿಸ್ಟರ್?” “ಶಕ್ತಿ ಬರ್ಲಿ ಅಂತ್ರೀ ಅಮ್ಮ” ಎಂದು ಹೇಳಿ ಜಾರಿಕೊಂಡೆ. ರೂಮಿಗೆ ಬಂದು ಓದಿದ್ದನ್ನು ಇಲ್ಲಿ ಬರೆದಿದ್ದೇನೆ. ಐದರಲ್ಲಿ ಮಕ್ಕಳಿಗೆ ಮೆನಿಂಜೈಟಿಸ್, ಅಂದರೆ ಮೆದುಳುಪೊರೆಯ ಉರಿಯೂತ, ತರುವ ಹಿಬ್ ಬ್ಯಾಕ್ಟೀರಿಯಾ ಒಂದನ್ನೇ ಹಿಡಿದುಕೊಂಡರೆ ಸಕ್ಕರೆಯನ್ನು ಪ್ರೋಟೀನಿಗೆ ಕಟ್ಟಿ ಮಾಡುವ ಉಳಿದ ಕಾಂಜುಗೇಟ್ ಲಸಿಕೆಗಳೂ ತಿಳಿಯುತ್ತವೆ.

ಹಿಬ್ ಬ್ಯಾಕ್ಟೀರಿಯಾದ ಮೈಮೇಲೆ ಪಿಆರ್‌ಪಿ ಎಂಬ ಸಕ್ಕರೆಯ ಕವಚವಿದೆ. ರೈಬೋಸ್, ರೈಬಿಟಾಲ್, ಫಾಸ್ಫೇಟ್ ಈ ಮೂರೇ ಮಣಿಗಳು ಮತ್ತೆ ಮತ್ತೆ ಬರುವ ಉದ್ದನೆಯ ಸರ ಅದು. ಈ ಕವಚಕ್ಕೆ ಪ್ರತಿಕಾಯ ಅಂಟಿಕೊಂಡರೆ ಬ್ಯಾಕ್ಟೀರಿಯಾ ಸಾಯುತ್ತದೆ. ಹಾಗಾದರೆ ಕವಚವನ್ನೇ ಶುದ್ಧ ಮಾಡಿ ಚುಚ್ಚಿದರೆ ಸಾಲದೇ? 1974ರಲ್ಲಿ ಫಿನ್‌ಲೆಂಡಿನಲ್ಲಿ ಅದನ್ನೇ ಮಾಡಿ ನೋಡಿದರು. ಸುಮಾರು 98,000 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಬರೀ ಪಿಆರ್‌ಪಿ ಕೊಟ್ಟರು. ಒಂದೂವರೆ ವರ್ಷ ದಾಟಿದವರಿಗೆ ರಕ್ಷಣೆ ಸಿಕ್ಕಿತು, ಅದಕ್ಕಿಂತ ಚಿಕ್ಕವರಿಗೆ ಸಿಗಲಿಲ್ಲ. ಹಿಬ್ ಮೆನಿಂಜೈಟಿಸ್ ಹೆಚ್ಚಾಗಿ ಕಾಡುವುದು ಆ ಚಿಕ್ಕವರನ್ನೇ.

ತೊಡಕು ಇರುವುದು ನೆರವು ಕೊಡುವ ಟಿ ಕೋಶದ ಹತ್ತಿರ. ಪ್ರತಿಕಾಯ ಮಾಡುವ ಬಿ ಕೋಶವೊಂದು ಏನನ್ನಾದರೂ ನುಂಗಿದರೆ ಅದನ್ನು ತುಂಡು ಮಾಡಿ, ಎಂಎಚ್‌ಸಿ-2 ಎಂಬ ತಟ್ಟೆಯಲ್ಲಿಟ್ಟು ಟಿ ಕೋಶಕ್ಕೆ ತೋರಿಸುತ್ತದೆ. ಆ ತಟ್ಟೆಯಲ್ಲಿ ಕೂರುವುದು ಪ್ರೋಟೀನಿನ ತುಣುಕು. ಬರೀ ಸಕ್ಕರೆ ಕೂರುವುದಿಲ್ಲ. ಆಗ ಬಿ ಕೋಶ ಒಂಟಿಯಾಗಿ ದುಡಿಯಬೇಕು. ಸಕ್ಕರೆಯ ಸರ ಒಂದೇ ಸಲಕ್ಕೆ ಹಲವು ಗ್ರಾಹಕಗಳನ್ನು ಎಳೆದು ಹಿಡಿಯುವುದರಿಂದ ದೊಡ್ಡವರ ಗುಲ್ಮದಲ್ಲಿರುವ ಒಂದು ಬಗೆಯ ಬಿ ಕೋಶ ಅಷ್ಟಕ್ಕೇ ಎಚ್ಚರವಾಗುತ್ತದೆ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಆ ಕೋಶ ಇನ್ನೂ ಬಲಿತಿರುವುದಿಲ್ಲ. ದೊಡ್ಡವರಲ್ಲೂ ನೆನಪಿನ ಕೋಶ ಉಳಿಯುವುದಿಲ್ಲ, ಇನ್ನೊಂದು ಡೋಸ್ ಕೊಟ್ಟರೂ ಪ್ರತಿಕಾಯ ಮೊದಲಿಗಿಂತ ಮೇಲೇರುವುದಿಲ್ಲ.

ಈಗ ಸಕ್ಕರೆಯನ್ನು ವಿಷ ಕಳೆದ ಟೆಟನಸ್ ಪ್ರೋಟೀನಾದ ಟೆಟನಸ್ ಟಾಕ್ಸಾಯ್ಡ್‌ಗೆ ರಾಸಾಯನಿಕ ಬಂಧದಿಂದ ಕಟ್ಟಿ ನೋಡಿ. ಸಕ್ಕರೆ ಗುರುತಿಸುವ ಬಿ ಕೋಶ ಸಕ್ಕರೆಯನ್ನು ಹಿಡಿದು ಎಳೆದಾಗ ಅದರ ಬೆನ್ನಿಗೇ ಪ್ರೋಟೀನೂ ಒಳಗೆ ಹೋಗುತ್ತದೆ. ಒಳಗೆ ಪ್ರೋಟೀನು ತುಂಡಾಗಿ ತಟ್ಟೆಗೆ ಬರುತ್ತದೆ. ಟೆಟನಸ್ ತುಣುಕನ್ನು ಗುರುತಿಸಿದ ಟಿ ಕೋಶ ಆ ಬಿ ಕೋಶಕ್ಕೇ ನೆರವು ಕೊಡುತ್ತದೆ. ತಮಾಷೆ ನೋಡಿ, ಟಿ ಕೋಶ ನೋಡಿದ್ದು ಟೆಟನಸ್ಸನ್ನು, ಬಿ ಕೋಶ ಮಾಡುವುದು ಹಿಬ್ ಸಕ್ಕರೆಗೆ ಪ್ರತಿಕಾಯ! ನೆರವು ಸಿಕ್ಕ ಬಿ ಕೋಶ ದುಗ್ಧಗ್ರಂಥಿಯಲ್ಲಿ ಬೆಳೆದು ಐಜಿಎಂ ಬಗೆಯ ಪ್ರತಿಕಾಯದಿಂದ ಐಜಿಜಿ ಬಗೆಗೆ ಹೊರಳುತ್ತದೆ, ಅದರ ಹಿಡಿತ ಡೋಸಿನಿಂದ ಡೋಸಿಗೆ ಬಿಗಿಯಾಗುತ್ತದೆ, ಕೆಲವು ನೆನಪಿನ ಕೋಶಗಳಾಗಿ ಉಳಿಯುತ್ತವೆ. 6, 10, 14 ವಾರಕ್ಕೆ ಮೂರು ಸಲ ಕೊಡುವುದು ಇದಕ್ಕೇ. ಅಜ್ಜಿಗೆ ನಾನು ಹೇಳಬೇಕಾಗಿದ್ದದ್ದು ಇದು.

ನಮ್ಮ ಗೆಳತಿಯೊಬ್ಬಳಿಗೆ ಇಲ್ಲೇ ಅನುಮಾನ ಬಂತು: ಪೆಂಟಾವೇಲೆಂಟ್‌ನಲ್ಲಿ ಡಿಪಿಟಿಯ ಟೆಟನಸ್ ಟಾಕ್ಸಾಯ್ಡ್ ಹೇಗೂ ಇದೆಯಲ್ಲ, ಹಿಬ್ ಸಕ್ಕರೆಯನ್ನು ಅದರ ಜೊತೆ ಬೆರೆಸಿದರೆ ಸಾಕಲ್ಲವೇ? ಸಾಲದು. ಬಿಡಿಯಾಗಿ ತೇಲುವ ಟಾಕ್ಸಾಯ್ಡ್ ಸಕ್ಕರೆಯ ಬಿ ಕೋಶದ ಗ್ರಾಹಕಕ್ಕೆ ಅಂಟುವುದಿಲ್ಲ. ಅದನ್ನು ನುಂಗುವುದು ಬೇರೆ ಬಿ ಕೋಶಗಳು. ಅದರಿಂದ ಟೆಟನಸ್ ಟಿ ಕೋಶಗಳು ಹೆಚ್ಚಾಗಬಹುದು, ಆದರೆ ಸಕ್ಕರೆಯ ಬಿ ಕೋಶದ ತಟ್ಟೆ ಖಾಲಿಯಿದ್ದರೆ ಅವು ಬಂದು ಏನು ನೋಡಿಯಾವು? ಒಂದು 0.5 ಮಿ.ಲೀ. ಡೋಸಿನಲ್ಲಿ ಹಿಬ್ ಸಕ್ಕರೆ ಸುಮಾರು 10 ಮೈಕ್ರೋಗ್ರಾಂ ಇರುತ್ತದೆ. ಅದರಲ್ಲಿ ಎಷ್ಟು ಬಂಧ ಬಿಟ್ಟು ಬಿಡಿಯಾಗಿದೆ ಎಂದು ಲಸಿಕೆ ತಯಾರಕರು ಪ್ರತಿ ಬ್ಯಾಚಿನಲ್ಲೂ ಅಳೆಯುವುದು ಇದೇ ಕಾರಣಕ್ಕೆ. ಒಟ್ಟು ಸಕ್ಕರೆ ಸರಿಯಿದ್ದರೂ ಬಿಡಿ ಸಕ್ಕರೆ ಹೆಚ್ಚಾದರೆ ಕೂಸಿನ ಮಟ್ಟಿಗೆ ಅದು ಸೋತ ಲಸಿಕೆ.

ನೆನಪಿನ ಕೋಶ ಇದ್ದರೆ ಮುಗಿಯಿತೇ? ಬ್ರಿಟನ್ 1992ರಲ್ಲಿ 2, 3, 4 ತಿಂಗಳಿಗೆ ಹಿಬ್ ಕಾಂಜುಗೇಟ್ ಶುರು ಮಾಡಿತು, ಬೂಸ್ಟರ್ ಇಡಲಿಲ್ಲ. ರೋಗ ಇಳಿಯಿತು, 1999ರಿಂದ ಮತ್ತೆ ಏರತೊಡಗಿತು. ಲಸಿಕೆ ಪಡೆದ ಮಕ್ಕಳಿಗೂ ಬಂತು. ಮಕ್ಕಳ ರಕ್ತದಲ್ಲಿ ಪ್ರತಿಕಾಯ ಇಳಿದಿತ್ತು. ನೆನಪಿನ ಕೋಶ ಎಚ್ಚೆತ್ತು ಪ್ರತಿಕಾಯ ತಯಾರಿಸಲು ಕೆಲವು ದಿನ ಬೇಕು, ಹಿಬ್ ಅಷ್ಟು ದಿನ ಕಾಯುವುದಿಲ್ಲ. ಲಸಿಕೆಯಾದ ಒಂದು ತಿಂಗಳಿಗೆ ಪ್ರತಿಕಾಯ ಮಿ.ಲೀ.ಗೆ 1 ಮೈಕ್ರೋಗ್ರಾಂ ಇದ್ದರೆ ದೀರ್ಘ ರಕ್ಷಣೆ, 0.15 ಇದ್ದರೆ ಆ ಹೊತ್ತಿನ ರಕ್ಷಣೆ ಎಂದು ಲೆಕ್ಕ ಹಿಡಿಯುತ್ತಾರೆ. ಬ್ರಿಟನ್ 2003ರಲ್ಲಿ ಬೂಸ್ಟರ್ ಅಭಿಯಾನ ನಡೆಸಿ, 2006ರಲ್ಲಿ ಒಂದು ವರ್ಷದ ಬೂಸ್ಟರನ್ನು ಕಾಯಂ ಮಾಡಿತು.

ನಮ್ಮ ದೇಶದ ಲಸಿಕೆ ವೇಳಾಪಟ್ಟಿಯಲ್ಲಿ 16ರಿಂದ 24 ತಿಂಗಳ ಬೂಸ್ಟರ್ ಬರೀ ಡಿಪಿಟಿ, ಅದರಲ್ಲಿ ಹಿಬ್ ಇಲ್ಲ. ನ್ಯುಮೋಕಾಕಸ್‌ನ ಕಾಂಜುಗೇಟ್ ಲಸಿಕೆಯಾದ ಪಿಸಿವಿಗೆ ಮಾತ್ರ 6 ಮತ್ತು 14 ವಾರದ ನಂತರ 9ನೇ ತಿಂಗಳಿಗೆ ಬೂಸ್ಟರ್ ಇದೆ. ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಬರೆದು ನಾನು ಒಮ್ಮೆ ಎರಡು ಅಂಕ ಕಳೆದುಕೊಂಡಿದ್ದೇನೆ.